ಹಸಿರು ಚುಕ್ಕೆ ಇದ್ದ ಮಾತ್ರಕ್ಕೆ ಮಾರ್ಗರೀನ್ ವೀಗನ್ ಆಗುತ್ತದೆಯೇ? ಬೆಣ್ಣೆಗೂ ಅದಕ್ಕೂ ಕೊಬ್ಬಿನಲ್ಲಿ ಇರುವ ವ್ಯತ್ಯಾಸವೇನು?

2024ರ ಸೆಪ್ಟೆಂಬರ್‌ನಲ್ಲಿ ತಿರುಪತಿ ಲಡ್ಡುವಿನ ತುಪ್ಪದ ವಿವಾದ ಎದ್ದಾಗ ‘ಹಾಲಿನ ಕೊಬ್ಬು’, ‘ಹೊರಗಿನ ಕೊಬ್ಬು’ ಎಂಬ ಮಾತುಗಳು ಪ್ರಯೋಗಾಲಯದಿಂದ ಮನೆಯ ಜಗಲಿಗೆ ಬಂದವು. ಅದರ ಬೆನ್ನಿಗೇ ‘ಅನಲಾಗ್ ಪನೀರ್’ ಸುದ್ದಿಯಾಯಿತು. ಹಾಲಿನ ಕೊಬ್ಬಿನ ಬದಲು ಸಸ್ಯದ ಎಣ್ಣೆ ಹಾಕಿ ಮಾಡಿದ ಪನೀರನ್ನು ಹೋಟೆಲುಗಳು ಗ್ರಾಹಕರಿಗೆ ಹೇಳದೆ ಬಡಿಸುತ್ತಿವೆ ಎಂಬ ದೂರು ಅದು. ಈ ಸುದ್ದಿಗಳ ನಡುವೆ ಅನೇಕರ ಗಮನ ಬೇಕರಿಗಳಲ್ಲಿ ಬೆಣ್ಣೆಯ ಬದಲು ಬಳಸುವ ಮಾರ್ಗರೀನ್ ಕಡೆಗೂ ತಿರುಗಿದೆ. ಪಫ್, ಖಾರಾ ಬಿಸ್ಕತ್ತು, ಕೇಕಿನ ಕ್ರೀಮು, ಬನ್ನಿಗೆ ಸವರುವ ಹಳದಿ ಮುದ್ದೆ, ಇವುಗಳಲ್ಲಿ ಇರುವುದು ಬೆಣ್ಣೆಯೋ ಮಾರ್ಗರೀನೋ ಎಂದು ಕೇಳುವವರು ಹೆಚ್ಚಾಗಿದ್ದಾರೆ.

ಸಿಗುವ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಮಾರ್ಗರೀನ್ ಪೂರಾ ಸಸ್ಯಜನ್ಯ, ಆದ್ದರಿಂದ ವೀಗನ್, ಅಂದರೆ ಹಾಲೂ ಸೇರಿದಂತೆ ಪ್ರಾಣಿಮೂಲದ ಏನೂ ಇಲ್ಲದ ಆಹಾರ ಎನ್ನುವವರು ಒಂದು ಕಡೆ. ಅದರಲ್ಲಿ ಹಾಲಿನ ಅಂಶ ಇದೆ ಎನ್ನುವವರು ಇನ್ನೊಂದು ಕಡೆ. ಬೆಣ್ಣೆಗಿಂತ ಹೃದಯಕ್ಕೆ ಒಳ್ಳೆಯದು ಎಂದು ಕೆಲವರು, ಡಾಲ್ಡಾದಷ್ಟೇ ಕೆಟ್ಟದ್ದು ಎಂದು ಹಲವರು. ಗೊಂದಲದ ಮೂಲ ಏನೆಂದರೆ, ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದಾಗಿ ಬೆರೆತಿವೆ. ಪ್ರಾಣಿಮೂಲದ ವಸ್ತು ಇದೆಯೇ ಎಂಬುದು ಒಂದು. ಕೊಬ್ಬು ಯಾವ ಬಗೆಯದು ಎಂಬುದು ಇನ್ನೊಂದು. ಮೊದಲನೆಯದರ ಉತ್ತರದಿಂದ ಎರಡನೆಯದರ ಉತ್ತರವನ್ನು ಊಹಿಸಲು ಸಾಧ್ಯವಿಲ್ಲ. ಭಾರತದಲ್ಲಿ ಸಿಗುವ ಬೇಕರಿ ಮಾರ್ಗರೀನಿನ ಮಟ್ಟಿಗಂತೂ ಹಾಗೆ ಊಹಿಸಿದರೆ ತಪ್ಪೇ ಆಗುತ್ತದೆ.

ಹುಟ್ಟಿದ್ದು ದನದ ಕೊಬ್ಬಿನಿಂದ

ಮಾರ್ಗರೀನ್ ಎಂದರೆ ಸಸ್ಯದ ಎಣ್ಣೆ ಎಂಬ ನಂಬಿಕೆ ತಡವಾಗಿ ಬಂದದ್ದು. 1869ರಲ್ಲಿ ಫ್ರಾನ್ಸಿನ ರಸಾಯನತಜ್ಞ ಇಪೊಲಿಟ್ ಮೆಜ್-ಮೂರಿಯೆ ಇದಕ್ಕೆ ಪೇಟೆಂಟ್ ಪಡೆದ. ಸೈನಿಕರಿಗೂ ಬಡವರಿಗೂ ಅಗ್ಗದ, ಬೇಗ ಕೆಡದ ಬೆಣ್ಣೆಯೊಂದು ಬೇಕೆಂದು ಮೂರನೆಯ ನೆಪೋಲಿಯನ್ ಬಹುಮಾನ ಘೋಷಿಸಿದ್ದ. ಮೆಜ್-ಮೂರಿಯೆ ದನದ ಕೊಬ್ಬನ್ನು ಕರಗಿಸಿ, ಅದರ ಮೃದು ಭಾಗವನ್ನು ಬೇರ್ಪಡಿಸಿ, ಕೆನೆ ತೆಗೆದ ಹಾಲಿನೊಂದಿಗೆ ಕಡೆದ. ಅಂದರೆ ಮೊದಲ ಮಾರ್ಗರೀನ್ ವೀಗನ್ ಇರಲಿ, ಸಸ್ಯಾಹಾರವೂ ಆಗಿರಲಿಲ್ಲ.

ಸಸ್ಯದ ಎಣ್ಣೆ ಒಳಗೆ ಬಂದದ್ದು ಜರ್ಮನಿಯ ವಿಲ್‌ಹೆಲ್ಮ್ ನಾರ್ಮನ್ ಕಂಡುಹಿಡಿದ ವಿಧಾನದಿಂದ. ದ್ರವರೂಪದ ಎಣ್ಣೆಗೆ ನಿಕಲ್ ಲೋಹದ ಪುಡಿಯ ಸಮ್ಮುಖದಲ್ಲಿ ಜಲಜನಕ ಹಾಯಿಸಿದರೆ ಅದು ಗಟ್ಟಿಯಾಗುತ್ತದೆ ಎಂದು ತೋರಿಸಿ ಅವನು 1902ರಲ್ಲಿ ಪೇಟೆಂಟ್ ಪಡೆದ. ಇದಾದ ಮೇಲೆ ದನದ ಕೊಬ್ಬಿನ ಅಗತ್ಯ ಕ್ರಮೇಣ ಕಡಿಮೆಯಾಯಿತು. ನಮ್ಮಲ್ಲಿ 1937ರಲ್ಲಿ ಮಾರುಕಟ್ಟೆಗೆ ಬಂದ ಡಾಲ್ಡಾ ಇದೇ ವಿಧಾನದ ಕೂಸು. ಆದರೆ ಡಾಲ್ಡಾ ಅಥವಾ ವನಸ್ಪತಿ ಮತ್ತು ಮಾರ್ಗರೀನ್ ಒಂದೇ ಅಲ್ಲ. ವನಸ್ಪತಿ ತುಪ್ಪದ ಬದಲಿಗೆ ಬಂದದ್ದು. ಅದರಲ್ಲಿ ನೀರು ಇಲ್ಲವೆನ್ನುವಷ್ಟು ಕಡಿಮೆ. ಮಾರ್ಗರೀನ್ ಬೆಣ್ಣೆಯ ಬದಲಿಗೆ ಬಂದದ್ದು. ಬೆಣ್ಣೆಯಲ್ಲಿ ಇರುವಂತೆಯೇ ಅದರಲ್ಲೂ ಕೊಬ್ಬಿನೊಳಗೆ ನೀರಿನ ಸಣ್ಣ ಸಣ್ಣ ಹನಿಗಳು ಹರಡಿಕೊಂಡಿರುತ್ತವೆ. ಹಾಲಿನ ಪ್ರಶ್ನೆ ಏಳುವುದು ಈ ನೀರಿನ ಭಾಗದಲ್ಲೇ.

ನಮ್ಮ ನಿಯಮವೇ ಹಾಲಿನ ಪುಡಿಗೆ ಬಾಗಿಲು ತೆರೆದಿದೆ

ಭಾರತದ ಆಹಾರ ಗುಣಮಟ್ಟ ನಿಯಮಗಳಲ್ಲಿ ಮಾರ್ಗರೀನ್ ಎಂದರೆ ಖಾದ್ಯ ಎಣ್ಣೆ, ಕೊಬ್ಬು ಮತ್ತು ನೀರಿನ ಮಿಶ್ರಣ. ಕೊಬ್ಬು ಕನಿಷ್ಠ ಶೇ 80 ಇರಬೇಕು. ಪ್ರಾಣಿಗಳ ದೇಹದ ಕೊಬ್ಬು ಇರಲೇಬಾರದು. ಆದ್ದರಿಂದ ಮೆಜ್-ಮೂರಿಯೆಯ ಕಾಲದ ದನದ ಕೊಬ್ಬಿನ ಭಯವನ್ನು ನಿಯಮ ಪಾಲಿಸುವ ಭಾರತೀಯ ಮಾರ್ಗರೀನಿನ ಬಗ್ಗೆ ಇಟ್ಟುಕೊಳ್ಳಬೇಕಾಗಿಲ್ಲ. ಆದರೆ ಅದೇ ನಿಯಮ ಕೆನೆರಹಿತ ಹಾಲಿನ ಪುಡಿಯನ್ನು ಶೇ 2ರವರೆಗೆ ಸೇರಿಸಲು ಅವಕಾಶ ಕೊಡುತ್ತದೆ. ಸೇರಿಸಲೇಬೇಕು ಎಂದಿಲ್ಲ, ಸೇರಿಸಬಹುದು. ಹಾಗಾಗಿ ಒಂದು ಕಂಪನಿಯ ಮಾರ್ಗರೀನಿನಲ್ಲಿ ಹಾಲಿನ ಪುಡಿ ಇರಬಹುದು, ಇನ್ನೊಂದರಲ್ಲಿ ಇಲ್ಲದೆ ಇರಬಹುದು. ಒಂದೇ ಕಂಪನಿಯ ಎರಡು ಬಗೆಗಳಲ್ಲೂ ಈ ವ್ಯತ್ಯಾಸ ಸಾಧ್ಯ.

ಅಷ್ಟು ಸ್ವಲ್ಪ ಹಾಲಿನ ಪುಡಿಯನ್ನು ಯಾಕೆ ಹಾಕುತ್ತಾರೆ? ಶುದ್ಧೀಕರಿಸಿದ ಎಣ್ಣೆಗೆ ತನ್ನದೇ ಆದ ರುಚಿ ವಾಸನೆ ಇರುವುದಿಲ್ಲ. ಬೆಣ್ಣೆಯ ಪರಿಮಳ ಬಹುಪಾಲು ಹಾಲಿನಿಂದ, ಹಾಲು ಹುದುಗುವಾಗ ಹುಟ್ಟುವ ಡೈಅಸಿಟೈಲ್‌ನಂಥ ವಸ್ತುಗಳಿಂದ ಬರುತ್ತದೆ. ಡೈಅಸಿಟೈಲನ್ನು ಬೇರೆಯಾಗಿ ಸೇರಿಸಬಹುದು, ಆದರೆ ಒಲೆಯ ಶಾಖದಲ್ಲಿ ಬರುವ ಗುಣ ಅದರಿಂದ ಬರುವುದಿಲ್ಲ. ಹಾಲಿನ ಸಕ್ಕರೆ ಮತ್ತು ಪ್ರೋಟೀನು ಬಿಸಿಯಾದಾಗ ಒಂದರ ಜೊತೆ ಒಂದು ವರ್ತಿಸಿ ಹೊಂಬಣ್ಣವನ್ನೂ ಸುಟ್ಟ ಬೆಣ್ಣೆಯ ಘಮವನ್ನೂ ಕೊಡುತ್ತವೆ. ಬೆಣ್ಣೆ ಕಾಯಿಸುವಾಗ ತಳದಲ್ಲಿ ಉಳಿಯುವ ಗಸಿ ಕೆಂಪಾಗುವುದೂ ಇದೇ ಕಾರಣಕ್ಕೆ. ಹೀಗಾಗಿ ಸ್ವಲ್ಪ ಹಾಲಿನ ಪುಡಿ ಅಥವಾ ಹಾಲೊಡಕಿನ ಪುಡಿ ಹಾಕಿದರೆ ಮಾರ್ಗರೀನ್ ಬೆಣ್ಣೆಗೆ ಹತ್ತಿರವಾಗುತ್ತದೆ. ಅಷ್ಟರಿಂದಲೇ ಅದು ವೀಗನ್ ಆಹಾರದ ಗಡಿ ದಾಟುತ್ತದೆ.

ಹಸಿರು ಚುಕ್ಕೆ ಹೇಳುವುದು ಎಷ್ಟು, ಹೇಳದಿರುವುದು ಎಷ್ಟು

ಇಲ್ಲಿ ನಮ್ಮ ದೇಶಕ್ಕೇ ವಿಶಿಷ್ಟವಾದ ಒಂದು ಗೊಂದಲ ಇದೆ. ಚೌಕದೊಳಗಿನ ಹಸಿರು ಚುಕ್ಕೆ ಸಸ್ಯಾಹಾರದ ಗುರುತು. ಭಾರತದ ನಿಯಮದಲ್ಲಿ ಮಾಂಸಾಹಾರ ಎಂದರೆ ಪ್ರಾಣಿ, ಪಕ್ಷಿ, ಮೀನು, ಮೊಟ್ಟೆ ಮತ್ತು ಪ್ರಾಣಿಮೂಲದ ಇತರ ವಸ್ತುಗಳು. ಆದರೆ ಹಾಲು, ಹಾಲಿನ ಉತ್ಪನ್ನ, ಜೇನು, ಜೇನುಮೇಣ ಇವುಗಳನ್ನು ಆ ಪಟ್ಟಿಯಿಂದ ಹೊರಗಿಟ್ಟಿದ್ದಾರೆ. ತುಪ್ಪ ಮೊಸರುಗಳನ್ನು ಸಸ್ಯಾಹಾರವೆಂದೇ ಎಣಿಸುವ ಸಮಾಜದಲ್ಲಿ ಇದು ಸಹಜ. ಯುರೋಪಿನ ಅಂಗಡಿಯಲ್ಲಿ ಮಾರ್ಗರೀನ್ ಕೊಳ್ಳುವ ವೀಗನ್ ಒಬ್ಬರು ಮೀನೆಣ್ಣೆ, ಜೆಲಾಟಿನ್, ಎಣ್ಣೆ ನೀರು ಬೇರೆಯಾಗದಂತೆ ಹಿಡಿದಿಡಲು ಪ್ರಾಣಿಕೊಬ್ಬಿನಿಂದ ಮಾಡಿದ ಎಮಲ್ಸಿಫೈಯರ್ ಹೀಗೆ ಹಲವನ್ನು ಶಂಕಿಸಬೇಕಾಗುತ್ತದೆ. ಇಲ್ಲಿ ಹಸಿರು ಚುಕ್ಕೆ ಅವುಗಳಲ್ಲಿ ಬಹುಪಾಲನ್ನು ಮೊದಲೇ ಬದಿಗೆ ಸರಿಸುತ್ತದೆ. ಆದರೆ ಹಾಲನ್ನು ಸರಿಸುವುದಿಲ್ಲ. ಬೆಣ್ಣೆಯ ಪ್ಯಾಕೆಟ್ಟಿನ ಮೇಲೂ ಅದೇ ಹಸಿರು ಚುಕ್ಕೆ ಇರುತ್ತದೆ, ಹಾಲಿನ ಪುಡಿ ಇರುವ ಮಾರ್ಗರೀನಿನ ಮೇಲೂ ಇರುತ್ತದೆ, ಹಾಲೇ ಇಲ್ಲದ ಮಾರ್ಗರೀನಿನ ಮೇಲೂ ಇರುತ್ತದೆ.

ಈ ಕೊರತೆಯನ್ನು ತುಂಬಲು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2022ರಲ್ಲಿ ವೀಗನ್ ಆಹಾರಗಳಿಗೆ ಪ್ರತ್ಯೇಕ ನಿಯಮ ತಂದಿತು. ಚಿಗುರಿನ ಚಿತ್ರವಿರುವ ಹಸಿರು ‘ವಿ’ ಅಕ್ಷರದ ಮುದ್ರೆ ಬಂದದ್ದು ಆಗಲೇ. ಈ ಮುದ್ರೆ ಹಾಕಬೇಕಾದರೆ ಮುಖ್ಯ ಪದಾರ್ಥಗಳಲ್ಲಷ್ಟೇ ಅಲ್ಲ, ಬಣ್ಣ, ಪರಿಮಳ, ಕಿಣ್ವ, ತಯಾರಿಕೆಯಲ್ಲಿ ಬಳಸಿ ತೆಗೆದುಹಾಕುವ ವಸ್ತು, ಯಾವುದರಲ್ಲೂ ಪ್ರಾಣಿಮೂಲದ ಅಂಶ ಇರಬಾರದು, ಹಾಲೂ ಇರಬಾರದು. ಕಚ್ಚಾವಸ್ತು ಎಲ್ಲಿಂದ ಬಂತು ಎಂಬುದನ್ನು ತಯಾರಕರವರೆಗೂ ಹಿಂದಕ್ಕೆ ಪತ್ತೆಹಚ್ಚುವಂತೆ ದಾಖಲೆ ಇಡಬೇಕು. ಇದರಿಂದ ಒಂದು ವಿಚಿತ್ರ ಸ್ಥಿತಿ ಉಂಟಾಗಿದೆ. ಪದಾರ್ಥಗಳ ಮಟ್ಟಿಗೆ ಪೂರಾ ವೀಗನ್ ಆಗಿರುವ ಅಗ್ಗದ ಬೇಕರಿ ಮಾರ್ಗರೀನಿನ ಮೇಲೂ ಈ ಮುದ್ರೆ ಇಲ್ಲದಿರಬಹುದು, ಏಕೆಂದರೆ ಬೇಕರಿಗಳಿಗೆ ಡಬ್ಬಗಟ್ಟಲೆ ಮಾರುವ ಕಂಪನಿಗೆ ಆ ದಾಖಲೆಯ ಕೆಲಸದಿಂದ ಲಾಭವಿಲ್ಲ. ಮುದ್ರೆ ಇದ್ದರೆ ವೀಗನ್ ಎಂದು ನಂಬಬಹುದು. ಇಲ್ಲದಿದ್ದರೆ ಅಲ್ಲ ಎಂದು ತೀರ್ಮಾನಿಸಲಾಗದು.

ಆಗ ಉಳಿಯುವ ದಾರಿ ಪದಾರ್ಥಗಳ ಪಟ್ಟಿ. ಹಾಲು ಅಲರ್ಜಿ ಉಂಟುಮಾಡುವ ವಸ್ತುಗಳ ಪಟ್ಟಿಯಲ್ಲಿ ಇರುವುದರಿಂದ ಅದು ಇದ್ದರೆ ಲೇಬಲ್ಲಿನ ಮೇಲೆ ಘೋಷಿಸಲೇಬೇಕು. ಕೆನೆರಹಿತ ಹಾಲಿನ ಪುಡಿ, ವೇ ಪೌಡರ್, ಕೇಸಿನೇಟ್, ಲ್ಯಾಕ್ಟೋಸ್ ಎಂಬ ಹೆಸರುಗಳನ್ನು ಹುಡುಕುವುದಕ್ಕಿಂತ ಪಟ್ಟಿಯ ಕೊನೆಯಲ್ಲಿ ‘ಹಾಲನ್ನು ಹೊಂದಿದೆ’ ಎಂಬ ಅರ್ಥದ ಸಾಲು ಇದೆಯೇ ಎಂದು ನೋಡುವುದು ಸುಲಭ. ‘ಹಾಲಿನ ಅಂಶ ಇರಬಹುದು’ ಎಂಬ ಸಾಲು ಬೇರೆ. ಒಂದೇ ಯಂತ್ರದಲ್ಲಿ ಹಾಲಿನ ಉತ್ಪನ್ನಗಳನ್ನೂ ಮಾಡುವುದರಿಂದ ಕಣ ಬೆರೆಯಬಹುದು ಎಂಬ ಎಚ್ಚರಿಕೆ ಅದು. ತತ್ವಕ್ಕಾಗಿ ಹಾಲು ಬಿಟ್ಟ ಅನೇಕರು ಇದನ್ನು ಒಪ್ಪುತ್ತಾರೆ. ಹಾಲಿನ ಅಲರ್ಜಿ ಇರುವವರು ಖಂಡಿತ ಒಪ್ಪಬಾರದು.

ವಿಟಮಿನ್ ಡಿಯ ಬಗ್ಗೆ ಒಂದು ಮಾತು. ಮಾರ್ಗರೀನಿಗೆ ವಿಟಮಿನ್ ಎ ಸೇರಿಸಲೇಬೇಕೆಂಬ ನಿಯಮ ನಮ್ಮಲ್ಲಿ ಹಳೆಯದು. ಎಷ್ಟೋ ಕಡೆ ಡಿ ಕೂಡ ಸೇರಿಸುತ್ತಾರೆ. ಡಿ3 ಎಂಬ ರೂಪವನ್ನು ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಿಸುತ್ತಾರೆ. ಕಲ್ಲುಹೂವಿನಿಂದ ಮಾಡಿದ ಡಿ3 ಈಗ ಸಿಗುತ್ತದೆ, ಡಿ2 ಪ್ರಾಣಿಮೂಲದ್ದಲ್ಲ. ವಿದೇಶದಲ್ಲಿರುವ ಕನ್ನಡಿಗರು ಅಲ್ಲಿನ ಡಬ್ಬಿಗಳಲ್ಲಿ ಗಮನಿಸಬೇಕಾದ ಅಂಶ ಇದು.

ಕೊಬ್ಬಿನ ಲೆಕ್ಕ: ಬೆಣ್ಣೆಯೊಳಗೆ ಏನಿದೆ

ಈಗ ಎರಡನೆಯ ಪ್ರಶ್ನೆ. ಬೆಣ್ಣೆಯಲ್ಲೂ ಮಾರ್ಗರೀನಿನಲ್ಲೂ ಕೊಬ್ಬಿನ ಒಟ್ಟು ಪ್ರಮಾಣ ಸುಮಾರು ಒಂದೇ, ಶೇ 80ರ ಆಸುಪಾಸು. ಆದ್ದರಿಂದ ಕ್ಯಾಲರಿಯಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ಆ ಕೊಬ್ಬನ್ನು ಕಟ್ಟಿದ ಕೊಬ್ಬಿನಾಮ್ಲಗಳಲ್ಲಿ.

ಕೊಬ್ಬಿನಾಮ್ಲ ಎಂದರೆ ಇಂಗಾಲದ ಪರಮಾಣುಗಳ ಒಂದು ಸರಪಳಿ. ಸ್ಯಾಚುರೇಟೆಡ್ ಆಮ್ಲಗಳ ಸರಪಳಿ ನೇರವಾಗಿರುತ್ತದೆ. ನೇರ ಸೌದೆಗಳನ್ನು ಒಟ್ಟಿದ ಹಾಗೆ ಅವು ಒತ್ತೊತ್ತಾಗಿ ಕೂರುತ್ತವೆ, ಆದ್ದರಿಂದ ಕೊಬ್ಬು ಗಟ್ಟಿಯಾಗಿರುತ್ತದೆ. ಅನ್‌ಸ್ಯಾಚುರೇಟೆಡ್ ಆಮ್ಲಗಳ ಸರಪಳಿಯಲ್ಲಿ ಬಾಗು ಇರುವುದರಿಂದ ಅವು ಹಾಗೆ ಕೂರಲಾರವು, ಆದ್ದರಿಂದ ಸೂರ್ಯಕಾಂತಿ ಎಣ್ಣೆ ಕೋಣೆಯ ಶಾಖದಲ್ಲಿ ದ್ರವವಾಗಿಯೇ ಇರುತ್ತದೆ. ಗಟ್ಟಿತನ ಬೇಕಾದರೆ ನೇರ ಸರಪಳಿಗಳು ಬೇಕು. ಮಾರ್ಗರೀನಿನ ಇಡೀ ಸಮಸ್ಯೆ ಇಷ್ಟೇ.

ಉಪ್ಪು ಬೆಣ್ಣೆಯ 100 ಗ್ರಾಮಿನಲ್ಲಿ ಸುಮಾರು 51 ಗ್ರಾಂ ಸ್ಯಾಚುರೇಟೆಡ್ ಕೊಬ್ಬು, 21 ಗ್ರಾಂ ಮಾನೋ-ಅನ್‌ಸ್ಯಾಚುರೇಟೆಡ್, 3 ಗ್ರಾಂ ಪಾಲಿ-ಅನ್‌ಸ್ಯಾಚುರೇಟೆಡ್ ಕೊಬ್ಬು ಇರುತ್ತದೆ. ಕೊಲೆಸ್ಟ್ರಾಲ್ ಸುಮಾರು 215 ಮಿಲಿಗ್ರಾಂ. ಹಸು ಎಮ್ಮೆಗಳ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಮೇವಿನ ಎಣ್ಣೆಯನ್ನು ಬದಲಾಯಿಸುವುದರಿಂದ ಸಹಜವಾಗಿ ಹುಟ್ಟುವ ಟ್ರಾನ್ಸ್ ಕೊಬ್ಬೂ ಬೆಣ್ಣೆಯಲ್ಲಿ ಕೆಲವು ಗ್ರಾಂ ಇರುತ್ತದೆ.

ಬೆಣ್ಣೆಗೆ ಮಾತ್ರ ಸೇರಿದ ಒಂದು ಗುರುತು ಇದೆ: ಬ್ಯೂಟಿರಿಕ್ ಆಮ್ಲ. ನಾಲ್ಕೇ ಇಂಗಾಲದ ಈ ಪುಟ್ಟ ಸರಪಳಿ ಹಾಲಿನ ಕೊಬ್ಬಿನಲ್ಲಿ ಶೇ 3ರಿಂದ 4ರಷ್ಟು ಇರುತ್ತದೆ, ಸಸ್ಯದ ಎಣ್ಣೆಗಳಲ್ಲಿ ಇಲ್ಲ. ಇದು ನೀರಿನಲ್ಲಿ ಕರಗುತ್ತದೆ, ಹಬೆಯೊಂದಿಗೆ ಹಾರುತ್ತದೆ. ತುಪ್ಪ ಬೆಣ್ಣೆಗಳ ಪ್ರಯೋಗಾಲಯ ವರದಿಗಳಲ್ಲಿ ಕಾಣುವ ‘ಆರ್‌ಎಂ ಮೌಲ್ಯ’ ಅಳೆಯುವುದು ಹೀಗೆ ಹಾರುವ ಕಿರು ಸರಪಳಿಯ ಆಮ್ಲಗಳನ್ನೇ. ಶುದ್ಧ ತುಪ್ಪದಲ್ಲಿ ಅದು ಸಾಮಾನ್ಯವಾಗಿ 24ಕ್ಕಿಂತ ಮೇಲೆ. ತಾಳೆ ಎಣ್ಣೆಯಲ್ಲಿ ಸೊನ್ನೆಗೆ ಹತ್ತಿರ. ಬೆಣ್ಣೆಗೆ ಮಾರ್ಗರೀನ್ ಬೆರೆಸಿದರೆ ಈ ಸಂಖ್ಯೆ ಇಳಿಯುತ್ತದೆ.

ಇನ್ನೊಂದು ಗುರುತನ್ನು ನಿಯಮವೇ ಬೇಕೆಂದು ಇಟ್ಟಿತ್ತು. ವನಸ್ಪತಿಗೂ ಮಾರ್ಗರೀನಿಗೂ ಶೇ 5ರಷ್ಟು ಎಳ್ಳೆಣ್ಣೆ ಸೇರಿಸಬೇಕೆಂಬ ನಿಯಮ ನಮ್ಮಲ್ಲಿ ದಶಕಗಳ ಕಾಲ ಇತ್ತು. ಎಳ್ಳೆಣ್ಣೆಗೆ ಗಾಢ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಫರ್ಫ್ಯೂರಲ್ ಹಾಕಿ ಕುಲುಕಿದರೆ ಕೆಂಪು ಬಣ್ಣ ಬರುತ್ತದೆ. ಬೋಡ್ವಾನ್ ಪರೀಕ್ಷೆ ಎಂದರೆ ಇದೇ. ತುಪ್ಪಕ್ಕೋ ಬೆಣ್ಣೆಗೋ ಯಾರಾದರೂ ಕಳ್ಳತನದಿಂದ ಮಾರ್ಗರೀನ್ ಬೆರೆಸಿದರೆ ಆ ಎಳ್ಳೆಣ್ಣೆಯೇ ಬಾಯಿಬಿಡಲಿ ಎಂಬ ಉದ್ದೇಶ. ಒಳ್ಳೆಯ ಉಪಾಯ. ಆದರೆ ಎಳ್ಳೆಣ್ಣೆ ಸೇರಿಸದೆ ನೇರವಾಗಿ ತಾಳೆ ಎಣ್ಣೆ ಬೆರೆಸುವವರನ್ನು ಇದು ಹಿಡಿಯಲಾರದು. ಮನೆಯಲ್ಲಿ ಕರಗಿಸಿ, ಮೂಸಿ, ಗಸಿ ನೋಡಿ ಪತ್ತೆಹಚ್ಚುವುದೂ ಭರವಸೆಯ ದಾರಿಯಲ್ಲ. ಹಾಲಿನ ಪುಡಿ ಇರುವ ಮಾರ್ಗರೀನೂ ಗಸಿ ಬಿಡುತ್ತದೆ.

ಎಣ್ಣೆಯನ್ನು ಗಟ್ಟಿ ಮಾಡುವ ದಾರಿಗಳು, ಮತ್ತು ಟ್ರಾನ್ಸ್ ಕೊಬ್ಬಿನ ಕಥೆ

ನಾರ್ಮನ್ ವಿಧಾನದಲ್ಲಿ ಜಲಜನಕ ಹಾಯಿಸುವುದನ್ನು ಅರ್ಧಕ್ಕೆ ನಿಲ್ಲಿಸಿದರೆ ಸವರಲು ಬರುವಂಥ ಮೃದು ಕೊಬ್ಬು ಸಿಗುತ್ತದೆ. ಆದರೆ ಈ ಅರ್ಧ ಹಾದಿಯಲ್ಲಿ ಕೆಲವು ಬಾಗಿದ ಸರಪಳಿಗಳು ಸ್ಯಾಚುರೇಟೆಡ್ ಆಗದೆಯೇ ಬಾಗಿನ ಜಾಗದಲ್ಲಿ ತಿರುಚಿಕೊಂಡು ಹೆಚ್ಚುಕಡಿಮೆ ನೇರವಾಗಿಬಿಡುತ್ತವೆ. ಅವೇ ಟ್ರಾನ್ಸ್ ಕೊಬ್ಬು. ಹಲವು ದಶಕ ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. 1990ರಲ್ಲಿ ನೆದರ್ಲೆಂಡ್ಸಿನ ಮೆನ್ಸಿಂಕ್ ಮತ್ತು ಕಟಾನ್ ಎಂಬ ಸಂಶೋಧಕರು, ಟ್ರಾನ್ಸ್ ಕೊಬ್ಬು ಕೆಟ್ಟ ಕೊಲೆಸ್ಟ್ರಾಲ್ ಎನ್ನಿಸಿಕೊಂಡ ಎಲ್‌ಡಿಎಲ್ ಅನ್ನು ಏರಿಸುವುದಲ್ಲದೆ ಒಳ್ಳೆಯದೆನ್ನಿಸಿಕೊಂಡ ಎಚ್‌ಡಿಎಲ್ ಅನ್ನು ಇಳಿಸುತ್ತದೆ ಎಂದು ತೋರಿಸಿದರು. ಸ್ಯಾಚುರೇಟೆಡ್ ಕೊಬ್ಬಿಗಿಂತಲೂ ಕೆಟ್ಟ ಪರಿಣಾಮ ಇದು. ಹೃದಯಕ್ಕೆ ಒಳ್ಳೆಯದೆಂದು ಬೆಣ್ಣೆ ಬಿಟ್ಟು ಮಾರ್ಗರೀನಿಗೆ ಬಂದಿದ್ದ ಲಕ್ಷಾಂತರ ಜನರಿಗೆ ಇದು ಆಘಾತ ತಂದ ಸುದ್ದಿ.

2003ರಲ್ಲಿ ಡೆನ್ಮಾರ್ಕ್ ಮೊದಲು ಮಿತಿ ಹಾಕಿತು. ಕಾರ್ಖಾನೆಯ ಟ್ರಾನ್ಸ್ ಕೊಬ್ಬನ್ನು ಜಗತ್ತಿನ ಆಹಾರದಿಂದಲೇ ತೆಗೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕರೆ ಕೊಟ್ಟಿತು. ಭಾರತದಲ್ಲಿ ಮಿತಿ ಹಂತ ಹಂತವಾಗಿ ಬಿಗಿಯಾಯಿತು: 2021ರಲ್ಲಿ ಶೇ 3, 2022ರ ಜನವರಿಯಿಂದ ಶೇ 2. ಎಣ್ಣೆ, ವನಸ್ಪತಿ, ಮಾರ್ಗರೀನಿಗಷ್ಟೇ ಅಲ್ಲ, ಅವುಗಳನ್ನು ಬಳಸಿ ಮಾಡಿದ ತಿಂಡಿಗಳಲ್ಲಿ ಇರುವ ಕೊಬ್ಬಿಗೂ ಈ ಶೇ 2ರ ಮಿತಿ ಅನ್ವಯಿಸುತ್ತದೆ.

ಹಾಗಾಗಿ ‘ಮಾರ್ಗರೀನ್ ಎಂದರೆ ಟ್ರಾನ್ಸ್ ಕೊಬ್ಬು’ ಎಂಬ ಮಾತು ಹಳೆಯದಾಯಿತು. ನಿಯಮ ಪಾಲಿಸಿದ ಮಾರ್ಗರೀನಿನಲ್ಲಿ ಟ್ರಾನ್ಸ್ ಕೊಬ್ಬು ಬೆಣ್ಣೆಯಲ್ಲಿ ಸಹಜವಾಗಿ ಇರುವುದಕ್ಕಿಂತಲೂ ಕಡಿಮೆ ಇರಬಹುದು. ಆದರೆ ಇಲ್ಲಿ ಪ್ರಶ್ನೆ ಮುಗಿಯುವುದಿಲ್ಲ. ಟ್ರಾನ್ಸ್ ಹೋದರೆ ಗಟ್ಟಿತನ ಎಲ್ಲಿಂದ ಬರಬೇಕು?

ಉತ್ತರ ತಾಳೆ ಎಣ್ಣೆ. ಅದರಲ್ಲಿ ಸುಮಾರು ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು, ಮುಖ್ಯವಾಗಿ ಪಾಮಿಟಿಕ್ ಆಮ್ಲ, ಹುಟ್ಟಿನಿಂದಲೇ ಇದೆ. ಅದನ್ನು ನಿಧಾನವಾಗಿ ತಣಿಸಿದರೆ ಗಟ್ಟಿ ಭಾಗ ಹರಳುಗಟ್ಟಿ ಬೇರೆಯಾಗುತ್ತದೆ. ಇದಕ್ಕೆ ಸ್ಟಿಯರಿನ್ ಎನ್ನುತ್ತಾರೆ. ಈ ಗಟ್ಟಿ ಭಾಗವನ್ನು ಮೃದು ಎಣ್ಣೆಯೊಂದಿಗೆ ಬೇಕಾದ ಹದಕ್ಕೆ ಬೆರೆಸಬಹುದು. ಅಥವಾ ಎರಡರ ಕೊಬ್ಬಿನಾಮ್ಲಗಳು ಒಂದರೊಳಗೊಂದು ಸ್ಥಾನ ಬದಲಿಸುವಂತೆ ಮಾಡಬಹುದು. ಕಾರ್ಖಾನೆಯವರು ಇದನ್ನು ಇಂಟರ್‌ಎಸ್ಟರಿಫಿಕೇಶನ್ ಎನ್ನುತ್ತಾರೆ. ಜಲಜನಕವನ್ನು ಕೊನೆಯವರೆಗೂ ಹಾಯಿಸಿದ ಎಣ್ಣೆಯಲ್ಲೂ ಟ್ರಾನ್ಸ್ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ, ಎಲ್ಲ ಸರಪಳಿಯೂ ಸ್ಯಾಚುರೇಟೆಡ್ ಆಗಿಬಿಟ್ಟಿರುತ್ತದೆ. ದಾರಿ ಯಾವುದಾದರೂ ಗಟ್ಟಿತನ ಕೊಡುವುದು ಸ್ಯಾಚುರೇಟೆಡ್ ಕೊಬ್ಬೇ.

ಒಂದು ಪಫ್ಫಿನ ಲೆಕ್ಕ

ಮಾತನ್ನು ಒಂದು ತಿಂಡಿಗೆ ಇಳಿಸಿ ನೋಡೋಣ. ನಮ್ಮ ಬೇಕರಿಗಳ ವೆಜಿಟೆಬಲ್ ಪಫ್ ಪದರ ಪದರವಾಗಿ ಬರಬೇಕಾದರೆ ಮೈದಾ ಹಿಟ್ಟಿನ ಹಾಳೆಗಳ ನಡುವೆ ಕೊಬ್ಬು ಹಾಳೆಯಾಗಿಯೇ ಉಳಿಯಬೇಕು. ಲಟ್ಟಿಸಿ, ಮಡಚಿ, ಮತ್ತೆ ಲಟ್ಟಿಸುವಾಗ ಕೊಬ್ಬು ಕರಗಿ ಹಿಟ್ಟಿಗೆ ಇಳಿದರೆ ಪದರ ಏಳುವುದಿಲ್ಲ. ಬೆಣ್ಣೆ 32ರಿಂದ 35 ಡಿಗ್ರಿಯ ಹೊತ್ತಿಗೆ ಕರಗುತ್ತದೆ, ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ಏಪ್ರಿಲ್ ತಿಂಗಳಲ್ಲಿ ರಾಯಚೂರಿನ ಬೇಕರಿಯ ಒಳಕೋಣೆಯಲ್ಲಿ ಬೆಣ್ಣೆ ಹಾಕಿ ಪಫ್ ಲಟ್ಟಿಸುವುದು ಎಷ್ಟು ಕಷ್ಟ ಎಂದು ಊಹಿಸಬಹುದು. ಬೇಕರಿ ಮಾರ್ಗರೀನಿನ ಕರಗುವ ಬಿಂದುವನ್ನು ನಮ್ಮ ನಿಯಮ 41 ಡಿಗ್ರಿಯವರೆಗೂ ಒಪ್ಪುತ್ತದೆ. ಬೇಕರಿಯವರು ಮಾರ್ಗರೀನ್ ಆರಿಸುವುದು ಅಗ್ಗ ಎಂಬ ಕಾರಣಕ್ಕೆ ಮಾತ್ರವಲ್ಲ, ಈ ಕಾರಣಕ್ಕೂ ಹೌದು. ಬಾಯಿಯ ಶಾಖ 37 ಡಿಗ್ರಿ ಇರುವುದರಿಂದ ಗಟ್ಟಿ ಮಾರ್ಗರೀನಿನ ಪಫ್ ತಣ್ಣಗಾದ ಮೇಲೆ ತಿಂದರೆ ಅಂಗುಳಕ್ಕೆ ಮೇಣದಂತೆ ಅಂಟುತ್ತದೆ.

ಒಂದು ಪಫ್ಫಿಗೆ 20 ಗ್ರಾಂ ಕೊಬ್ಬಿನ ಪದಾರ್ಥ ಹೋಗುತ್ತದೆ ಎಂದಿಟ್ಟುಕೊಳ್ಳೋಣ. ಅದು ಬೆಣ್ಣೆಯಾದರೆ ಸುಮಾರು 10 ಗ್ರಾಂ ಸ್ಯಾಚುರೇಟೆಡ್ ಕೊಬ್ಬು. ತಾಳೆ ಎಣ್ಣೆಯೇ ಆಧಾರವಾದ ಮಾರ್ಗರೀನಾದರೆ, ಶೇ 80 ಕೊಬ್ಬು, ಅದರ ಅರ್ಧ ಸ್ಯಾಚುರೇಟೆಡ್, ಅಂದರೆ ಸುಮಾರು 8 ಗ್ರಾಂ. ಸ್ಟಿಯರಿನ್ ಹೆಚ್ಚು ಸೇರಿಸಿದ್ದರೆ ಈ ಸಂಖ್ಯೆ ಇನ್ನೂ ಬೆಣ್ಣೆಯ ಹತ್ತಿರ ಹೋಗುತ್ತದೆ. ಸೂರ್ಯಕಾಂತಿ ಅಥವಾ ಸೋಯಾ ಎಣ್ಣೆ ಹೆಚ್ಚಿರುವ, ಡಬ್ಬಿಯಲ್ಲಿ ಬರುವ ಮೃದು ಮಾರ್ಗರೀನಾದರೆ ಸುಮಾರು 3 ಗ್ರಾಂ. ಆದರೆ ಆ ಮೃದು ಮಾರ್ಗರೀನಿನಿಂದ ಪಫ್ ಮಾಡಲಾಗದು, ಪದರ ನಿಲ್ಲುವುದಿಲ್ಲ. ಅದು ಬ್ರೆಡ್ಡಿಗೆ ಸವರಲು ಮಾತ್ರ.

ದಿನದ ಒಟ್ಟು ಶಕ್ತಿಯಲ್ಲಿ ಸ್ಯಾಚುರೇಟೆಡ್ ಕೊಬ್ಬಿನ ಪಾಲು ಶೇ 10 ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2000 ಕ್ಯಾಲರಿ ತಿನ್ನುವವರಿಗೆ ಅದು ಸುಮಾರು 22 ಗ್ರಾಂ. ಬೆಣ್ಣೆಯ ಪಫ್ ಅದರ ಅರ್ಧಕ್ಕೆ ಹತ್ತಿರ ಹೋಗುತ್ತದೆ, ತಾಳೆ ಎಣ್ಣೆ ಮಾರ್ಗರೀನಿನ ಪಫ್ ಮೂರನೇ ಒಂದು ಭಾಗ ದಾಟುತ್ತದೆ. ಪೂರಾ ವೀಗನ್ ಆಗಿರುವ ಪಫ್ಫಿನ ಲೆಕ್ಕವೂ ಇದೇ. ಹಾಲಿನ ಪುಡಿ ತೆಗೆದುಹಾಕಿದರೆ ಕೊಬ್ಬಿನ ಲೆಕ್ಕದಲ್ಲಿ ಏನೂ ಬದಲಾಗುವುದಿಲ್ಲ, ಏಕೆಂದರೆ ಕೆನೆರಹಿತ ಹಾಲಿನ ಪುಡಿಯಲ್ಲಿ ಕೊಬ್ಬು ಇರುವುದೇ ಅತ್ಯಲ್ಪ.

ನಿಜವಾಗಿ ಬದಲಾಗುವ ಒಂದು ಅಂಶ ಕೊಲೆಸ್ಟ್ರಾಲ್. ಸಸ್ಯದ ಎಣ್ಣೆಯಲ್ಲಿ ಅದು ಇಲ್ಲ. ‘ಕೊಲೆಸ್ಟ್ರಾಲ್‌ಮುಕ್ತ’ ಎಂದು ಡಬ್ಬಿಯ ಮೇಲೆ ಬರೆಯುವುದು ಸುಳ್ಳಲ್ಲ. ಆದರೆ ರಕ್ತದ ಎಲ್‌ಡಿಎಲ್ ಏರುವುದರಲ್ಲಿ ತಿಂದ ಕೊಲೆಸ್ಟ್ರಾಲಿಗಿಂತ ತಿಂದ ಸ್ಯಾಚುರೇಟೆಡ್ ಕೊಬ್ಬಿನ ಪಾತ್ರ ದೊಡ್ಡದು. ಆ ಮಾತನ್ನು ಡಬ್ಬಿಯ ಮುಂಭಾಗದಲ್ಲಿ ಯಾರೂ ಬರೆಯುವುದಿಲ್ಲ. ಹಿಂಭಾಗದ ಪೌಷ್ಟಿಕಾಂಶದ ಪಟ್ಟಿಯಲ್ಲಿ ಸ್ಯಾಚುರೇಟೆಡ್ ಕೊಬ್ಬಿನ ಸಾಲನ್ನು ಓದಿದವರಿಗೆ ಮಾತ್ರ ತಿಳಿಯುತ್ತದೆ.

ಯಾರ ವಾದ ಏನು

ಹೈನುಗಾರಿಕೆಯ ಕಡೆಯವರ ವಾದ ನೇರವಾಗಿದೆ: ಬೆಣ್ಣೆಯ ಬಣ್ಣ, ಪರಿಮಳ, ಹೆಸರು ಎಲ್ಲವನ್ನೂ ಎರವಲು ಪಡೆದು ಅಗ್ಗದ ಆಮದು ಎಣ್ಣೆ ಮಾರಿದರೆ ಹಾಲು ಹಾಕುವ ರೈತನಿಗೆ ಪೆಟ್ಟು ಬೀಳುತ್ತದೆ. ಸಸ್ಯಜನ್ಯ ಪದಾರ್ಥಗಳು ಹಾಲು, ಬೆಣ್ಣೆ, ಚೀಸ್ ಎಂಬ ಹೆಸರು ಬಳಸಬಾರದೆಂದು ನಮ್ಮ ಪ್ರಾಧಿಕಾರ 2021ರಲ್ಲಿ ನಿಂತದ್ದು ಇದೇ ನಿಲುವಿನಲ್ಲಿ. ಯುರೋಪಿನ ನ್ಯಾಯಾಲಯವೂ 2017ರಲ್ಲಿ ಇಂಥದ್ದೇ ತೀರ್ಪು ಕೊಟ್ಟಿತ್ತು. ಮನೆಯಲ್ಲಿ ಒಂದೆರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ಕರ್ನಾಟಕದ ಲಕ್ಷಾಂತರ ಕುಟುಂಬಗಳ ದೃಷ್ಟಿಯಿಂದ ಈ ವಾದಕ್ಕೆ ತೂಕ ಇದೆ. ‘ಬಟರ್ ಬಿಸ್ಕತ್ತು’ ಎಂದು ಮಾರುವ ತಿಂಡಿಯಲ್ಲಿ ಬೆಣ್ಣೆಯೇ ಇಲ್ಲದಿದ್ದರೆ ಅದು ಗ್ರಾಹಕರಿಗೆ ಆದ ಮೋಸ, ಇದರಲ್ಲಿ ಎರಡು ಮಾತಿಲ್ಲ.

ವೀಗನ್ ಪಕ್ಷದವರು ಕೇಳುವುದು ಬೇರೆ. ಪ್ರಾಣಿಯನ್ನು ಬಳಸದ ಆಹಾರ ತಮಗೆ ಬೇಕು, ಅದನ್ನು ಗುರುತಿಸಲು ಆಗಬೇಕು. ಶೇ 2ರ ಹಾಲಿನ ಪುಡಿ ಬೇರೆಯವರಿಗೆ ಕ್ಷುಲ್ಲಕ, ಅವರಿಗಲ್ಲ. ಆದರೆ ತಾಳೆ ಎಣ್ಣೆಯ ವಿಷಯದಲ್ಲಿ ಅವರೊಳಗೇ ಭಿನ್ನಾಭಿಪ್ರಾಯ ಇದೆ. ಇಂಡೊನೇಷ್ಯಾ, ಮಲೇಷ್ಯಾಗಳಲ್ಲಿ ಮಳೆಕಾಡು ಕಡಿದು ತಾಳೆ ತೋಟ ಮಾಡಿದ್ದರಿಂದ ಒರಾಂಗುಟನ್‌ನಂಥ ಪ್ರಾಣಿಗಳು ನೆಲೆ ಕಳೆದುಕೊಂಡಿವೆ. ಪದಾರ್ಥದಲ್ಲಿ ಪ್ರಾಣಿ ಇಲ್ಲದಿದ್ದರೂ ಅದರ ಹಿಂದೆ ಪ್ರಾಣಿಗೆ ಆದ ಹಾನಿ ಇದೆ ಎಂದು ಕೆಲವರು ತಾಳೆ ಎಣ್ಣೆಯನ್ನೂ ಬಿಡುತ್ತಾರೆ. ವೀಗನ್ ಮುದ್ರೆ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ಪೌಷ್ಟಿಕತೆಯ ತಜ್ಞರಲ್ಲಿ ಬಹುಮತ ಇರುವುದು, ಸ್ಯಾಚುರೇಟೆಡ್ ಕೊಬ್ಬಿನ ಬದಲು ಪಾಲಿ-ಅನ್‌ಸ್ಯಾಚುರೇಟೆಡ್ ಕೊಬ್ಬು ತಿಂದರೆ ಎಲ್‌ಡಿಎಲ್ ಇಳಿಯುತ್ತದೆ ಎಂಬ ಕಡೆ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ 2020ರ ಕಾಕ್ರೇನ್ ವಿಮರ್ಶೆ, ಸ್ಯಾಚುರೇಟೆಡ್ ಕೊಬ್ಬನ್ನು ಕನಿಷ್ಠ ಎರಡು ವರ್ಷ ಕಡಿಮೆ ಮಾಡಿದವರಲ್ಲಿ ಹೃದಯ ಮತ್ತು ರಕ್ತನಾಳದ ತೊಂದರೆಗಳು ಕಡಿಮೆಯಾದವು ಎಂದಿತು; ಸಾವಿನ ಪ್ರಮಾಣದಲ್ಲಿ ಮಾತ್ರ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಬೆಣ್ಣೆಯ ಪರ ನಿಲ್ಲುವವರು ಆ ಎರಡನೆಯ ಭಾಗವನ್ನು ಎತ್ತಿ ತೋರಿಸುತ್ತಾರೆ. ಇಬ್ಬರೂ ಮರೆಯುವುದೇನೆಂದರೆ, ಲಾಭ ಕಂಡದ್ದು ಸ್ಯಾಚುರೇಟೆಡ್ ಕೊಬ್ಬು ನಿಜವಾಗಿ ಕಡಿಮೆಯಾದಾಗ. ಬೆಣ್ಣೆ ಬಿಟ್ಟು ತಾಳೆ ಎಣ್ಣೆಯ ಗಟ್ಟಿ ಮಾರ್ಗರೀನಿಗೆ ಹೋದವರಿಗೆ ಆ ಲಾಭದ ಭರವಸೆ ಕೊಡಲು ಆ ಪ್ರಯೋಗಗಳನ್ನು ಸಾಕ್ಷಿಯಾಗಿ ಬಳಸುವುದು ಸರಿಯಲ್ಲ.

ಲೇಬಲ್ಲೇ ಇಲ್ಲದ ಕಡೆ

ಇದುವರೆಗೆ ಹೇಳಿದ ಎಚ್ಚರವೆಲ್ಲ ಪ್ಯಾಕೆಟ್ಟಿಗೆ ಸಂಬಂಧಿಸಿದ್ದು. ಆದರೆ ನಮ್ಮ ಊರುಗಳಲ್ಲಿ ಮಾರ್ಗರೀನ್ ಹೊಟ್ಟೆ ಸೇರುವುದು ಬಹುಪಾಲು ಬೇಕರಿಯ ಗಾಜಿನ ಪೆಟ್ಟಿಗೆಯ ಮೂಲಕ. ಮೆನುವಿನಲ್ಲಿ ಕ್ಯಾಲರಿ, ಅಲರ್ಜಿಯ ವಿವರ ಕೊಡಬೇಕೆಂಬ ನಿಯಮ ಇರುವುದು ಹತ್ತು ಅಥವಾ ಹೆಚ್ಚು ಮಳಿಗೆ ಹೊಂದಿರುವ ದೊಡ್ಡ ಸರಣಿಗಳಿಗೆ. ಓಣಿಯ ಬೇಕರಿಗೆ ಅದು ತಾಗುವುದಿಲ್ಲ. ಅಲ್ಲಿ ಬಿಡಿಯಾಗಿ ಸಿಗುವ ಪಫ್ಫು ಮೊಟ್ಟೆಯಿಲ್ಲದ್ದು ಎಂದು ಬೋರ್ಡು ಹೇಳುತ್ತದೆ, ಹಾಲಿಲ್ಲದ್ದು ಎಂದು ಹೇಳುವುದಿಲ್ಲ. ಪಫ್ಫಿನ ಮೇಲ್ಮೈ ಹೊಳೆಯಲೆಂದು ಬೇಯಿಸುವ ಮೊದಲು ಹಾಲು ಸವರುವ ಬೇಕರಿಗಳೂ ಇವೆ. ಆಗ ಮಾರ್ಗರೀನ್ ವೀಗನ್ ಆದರೂ ತಿಂಡಿ ವೀಗನ್ ಆಗುವುದಿಲ್ಲ.

ಆದರೆ ಬೇಕರಿಗೆ ಬರುವ ಮಾರ್ಗರೀನಿನ ರಟ್ಟಿನ ಪೆಟ್ಟಿಗೆಯ ಮೇಲೆ ಲೇಬಲ್ ಇದ್ದೇ ಇರುತ್ತದೆ. ಯಾವ ಎಣ್ಣೆ, ಹಾಲು ಇದೆಯೇ ಇಲ್ಲವೇ ಎಂಬುದು ಅದರಲ್ಲಿ ಸಿಗುತ್ತದೆ. ಹಾಲು ಬಿಟ್ಟವರು ಬೇಕರಿಯವರನ್ನು ಕೇಳಬೇಕಾದದ್ದು ‘ಇದು ವೆಜ್ಜಾ?’ ಎಂದಲ್ಲ, ಅದಕ್ಕೆ ಹೌದು ಎಂಬ ಉತ್ತರವೇ ಬರುತ್ತದೆ. ‘ಮಾರ್ಗರೀನಿನ ಪೆಟ್ಟಿಗೆ ಒಂದ್ಸಲ ತೋರಿಸ್ತೀರಾ? ಮೇಲೆ ಹಾಲು ಸವರ್ತೀರಾ?’ ಎಂದು ಕೇಳಿದರೆ ಉಪಯೋಗಕ್ಕೆ ಬರುವ ಉತ್ತರ ಸಿಗುತ್ತದೆ. ಕೊಲೆಸ್ಟ್ರಾಲಿನ ಚಿಂತೆ ಇರುವವರಿಗೆ ಮಾತ್ರ ಆ ಪೆಟ್ಟಿಗೆಯಲ್ಲಿ ಬೇರೊಂದು ಸಾಲು ಮುಖ್ಯ. ಅಲ್ಲಿ ಸ್ಯಾಚುರೇಟೆಡ್ ಕೊಬ್ಬು 100 ಗ್ರಾಮಿಗೆ 40ರ ಮೇಲಿದ್ದರೆ, ಪೆಟ್ಟಿಗೆಯ ಮೇಲೆ ಯಾವ ಮುದ್ರೆ ಇದ್ದರೂ ಅದನ್ನು ಬೆಣ್ಣೆಯಷ್ಟೇ ಮಿತವಾಗಿ ತಿನ್ನಬೇಕಾಗುತ್ತದೆ.